ಓಪನ್ ರೇಟ್ ದುಪ್ಪಟ್ಟಾಯಿತು, ಡೆಲಿವರಿ 95ರಿಂದ 66ಕ್ಕೆ ಇಳಿಯಿತು. ಈ ಪುಶ್ ಫನೆಲ್ ಓದುವುದು ಹೇಗೆ?

ಸುಮಾ

ಎಲ್ಲರಿಗೂ ನಮಸ್ಕಾರ. ಕಥೆ ಓದುವ ಒಂದು ಆ್ಯಪ್‌ನಲ್ಲಿ ಅಂಕಿಅಂಶ ನೋಡಿಕೊಳ್ಳುವ ಕೆಲಸ ನನ್ನದು. ವಾರಕ್ಕೊಮ್ಮೆ ಹೊಸ ಕಥೆ ಬಂದಾಗ ಎಲ್ಲ ಓದುಗರಿಗೂ ಒಂದು ಪುಶ್ ನೋಟಿಫಿಕೇಶನ್ ಹೋಗುತ್ತದೆ. ದಿನವೂ ಅದೇ, ಹೊತ್ತೂ ಅದೇ. ಎರಡು ತಿಂಗಳ ಹಿಂದಿನ ಒಂದು ಪುಶ್ಶನ್ನೂ ಈ ವಾರದ್ದನ್ನೂ ಪಕ್ಕಪಕ್ಕ ಇಟ್ಟು ನೋಡಿದೆ.

ಆಗ ಕಳಿಸಿದ್ದು 2,40,000. ಡೆಲಿವರಿ ಆದದ್ದು 2,28,000, ಅಂದರೆ 95%. ಓಪನ್ ಆದದ್ದು 6,840, ಅಂದರೆ ಡೆಲಿವರಿಯಲ್ಲಿ 3%.

ಈಗ ಕಳಿಸಿದ್ದು 1,60,000. ಡೆಲಿವರಿ 1,05,600, ಅಂದರೆ 66%. ಓಪನ್ 6,336, ಅಂದರೆ 6%.

ನಡುವೆ ಎರಡು ಬದಲಾವಣೆ ಆಗಿವೆ. ಬಹಳ ದಿನಗಳಿಂದ ಸದ್ದಿಲ್ಲದ ಟೋಕನ್‌ಗಳನ್ನು ತೆಗೆದುಹಾಕಿದೆವು. ಮೊಬೈಲ್ ತಂಡದವರು ಆ್ಯಪ್‌ನ ಪುಶ್ ಭಾಗವನ್ನು ಹೊಸದಾಗಿ ಬರೆದರು. ಈಗ ಮಾರ್ಕೆಟಿಂಗ್‌ನವರು ತಮ್ಮ ಹೊಸ ಶೀರ್ಷಿಕೆಗಳಿಂದಲೇ ಓಪನ್ ದುಪ್ಪಟ್ಟಾಯಿತು ಅನ್ನುತ್ತಿದ್ದಾರೆ. ನಮ್ಮ ಮ್ಯಾನೇಜರ್ ಮೂರರಲ್ಲಿ ಒಬ್ಬರಿಗೆ ಮೆಸೇಜೇ ತಲುಪುತ್ತಿಲ್ಲ, ಮೊದಲು ಅದನ್ನು ಸರಿಮಾಡಿ ಅನ್ನುತ್ತಿದ್ದಾರೆ. ನನಗೆ ಎರಡರ ಮೇಲೂ ನಂಬಿಕೆ ಬರುತ್ತಿಲ್ಲ, ಆದರೆ ಯಾಕೆ ಅಂತ ಬಿಡಿಸಿ ಹೇಳಲು ಆಗುತ್ತಿಲ್ಲ. ಸೋಮವಾರ ವರದಿ ಕೊಡಬೇಕು.

ನಾಗರಾಜ

ನನ್ನದೂ ಇದೇ ತೊಂದರೆ. ಎಷ್ಟೋ ಆ್ಯಪ್‌ಗಳ ನೋಟಿಫಿಕೇಶನ್ ನನ್ನ ಫೋನಿಗೆ ಬರುವುದೇ ಇಲ್ಲ. ಆ್ಯಪ್ ತೆರೆದೆನೋ, ಮೂರು ದಿನದ್ದೆಲ್ಲ ಒಟ್ಟಿಗೆ ಬಂದು ಬೀಳುತ್ತವೆ. ಬ್ಯಾಟರಿ ಸೇವರ್ ಆಫ್ ಮಾಡಿ ನೋಡಿದೆ, ಫೋನ್ ರೀಸ್ಟಾರ್ಟ್ ಮಾಡಿದೆ. ಯಾವ ಸೆಟ್ಟಿಂಗ್ ಬದಲಾಯಿಸಬೇಕು ಅಂತ ಯಾರಾದರೂ ಹೇಳಿ.

ವಿನಯ್

ಸುಮಾ ಅವರೇ, ನಾನು ಮಾರ್ಕೆಟಿಂಗ್ ಕಡೆಯವನು. ನೀವು ಹೇಳಿದ್ದರಲ್ಲಿ ಒಂದಂತೂ ನೇರವಾಗಿದೆ. ಸತ್ತ ಟೋಕನ್‌ಗಳನ್ನು ತೆಗೆದರೆ ಛೇದ ಚಿಕ್ಕದಾಗುತ್ತದೆ, ಹಾಗಾಗಿ ರೇಟ್ ಏರುತ್ತದೆ. ಅದರಲ್ಲಿ ಶೀರ್ಷಿಕೆಯ ಪಾಲು ಎಷ್ಟು ಅಂತ ಹೇಳಲು ಆಗದು, ಆದರೆ ರೇಟ್ ಏರಿದ್ದು ಸಹಜವೇ.

ಇನ್ನೊಂದು ಮಾತು. ಬೆರಳಿಟ್ಟು ಒತ್ತಿದವರನ್ನು ಮಾತ್ರ ಓಪನ್ ಅಂತ ಎಣಿಸಬೇಡಿ. ಎಷ್ಟೋ ಜನ ನೋಟಿಫಿಕೇಶನ್ ನೋಡಿ, ಅದನ್ನು ಬದಿಗೆ ಸರಿಸಿ, ಆಮೇಲೆ ಐಕಾನ್ ಒತ್ತಿ ಆ್ಯಪ್‌ಗೆ ಬರುತ್ತಾರೆ. ಪುಶ್ ಹೋದ ಆರು ಗಂಟೆಯೊಳಗೆ ಆ್ಯಪ್ ತೆರೆದವರನ್ನೆಲ್ಲ ಸೇರಿಸಿಕೊಂಡರೆ ನಿಜವಾದ ಪರಿಣಾಮ ಕಾಣುತ್ತದೆ. ನಮ್ಮಲ್ಲಿ ಹಾಗೆ ಎಣಿಸಿದರೆ 19% ಬರುತ್ತದೆ.

ಪ್ರಭಾಕರ

ಸುಮಾ ಅವರೇ, ಮೊದಲು ಒಂದೇ ಪ್ರಶ್ನೆ. ಆಗಿನ ಡ್ಯಾಶ್‌ಬೋರ್ಡ್‌ನಲ್ಲಿ 'ಡೆಲಿವರಿ' ಅನ್ನುವ ಕಾಲಮ್‌ಗೆ ಅಂಕಿ ಎಲ್ಲಿಂದ ಬರುತ್ತಿತ್ತು? ಈಗ ಎಲ್ಲಿಂದ ಬರುತ್ತಿದೆ? ಕಾಲಮ್‌ನ ಹೆಸರು ನೋಡಿ ಹೇಳಬೇಡಿ. ಅದನ್ನು ತುಂಬುವ ಕೋಡ್ ತೆಗೆಸಿ ನೋಡಿ.

ಯಾಕೆಂದರೆ 95% ಅನ್ನುವ ಅಂಕಿ ನೋಡಿದ ಕೂಡಲೇ ನನಗೆ ಅನುಮಾನ ಬಂತು. ಫೈರ್‌ಬೇಸ್ ಕ್ಲೌಡ್ ಮೆಸೇಜಿಂಗ್‌ಗೆ ನೀವು ಒಂದು ಮೆಸೇಜ್ ಕೊಟ್ಟಾಗ ಅದು ಮೆಸೇಜ್ ಐಡಿ ಹಿಂತಿರುಗಿಸುತ್ತದೆ. ಆ ಉತ್ತರದ ಅರ್ಥ 'ನನ್ನ ಕೈಗೆ ಬಂತು, ತಲುಪಿಸಲು ನೋಡುತ್ತೇನೆ' ಅಂತ, ಅಷ್ಟೇ. ಫೋನ್ ಆಫ್ ಆಗಿರಬಹುದು, ನೆಟ್‌ವರ್ಕ್ ಇಲ್ಲದಿರಬಹುದು, ಆ್ಯಪನ್ನು ಬಲವಂತವಾಗಿ ನಿಲ್ಲಿಸಿರಬಹುದು. ಅದಾವುದೂ ಆ ಉತ್ತರದಲ್ಲಿ ಇರುವುದಿಲ್ಲ. ಆ್ಯಪಲ್‌ನ ಪುಶ್ ಸರ್ವರ್ ಕೊಡುವ 200 ಕೂಡ ಅಷ್ಟೇ ಹೇಳುತ್ತದೆ. ಬ್ರೌಸರ್‌ಗೆ ಕಳಿಸುವ ಪುಶ್ಶಿನಲ್ಲಿ 201 ಬಂದರೂ ಇದೇ ಕಥೆ.

ಸರ್ವರ್‌ನಿಂದ ಬರುವ ತಪ್ಪುಗಳಲ್ಲಿ ಹೆಚ್ಚಿನವು `UNREGISTERED`, ಅಂದರೆ ಆ ಟೋಕನ್ ಈಗ ಇಲ್ಲ. 2,40,000ದಲ್ಲಿ 12,000ಕ್ಕೆ ಅದು ಬಂದಿದ್ದರೆ ಮಿಕ್ಕ 2,28,000 ನಿಮ್ಮ '95% ಡೆಲಿವರಿ' ಆಗುತ್ತದೆ. ಅಂಚೆಪೆಟ್ಟಿಗೆಗೆ ಹಾಕಿದ ಕಾಗದಗಳನ್ನೆಲ್ಲ ತಲುಪಿದವು ಅಂತ ಎಣಿಸಿದ ಹಾಗೆ.

ಈಗಿನ 66% ಬಹುಶಃ ಫೋನಿನಿಂದ ಬಂದ ರಸೀದಿಗಳ ಎಣಿಕೆ. ಹಾಗಿದ್ದರೆ ಡೆಲಿವರಿ ಇಳಿದಿಲ್ಲ, ಅದನ್ನು ನೀವು ಮೊದಲ ಸಲ ಅಳೆದಿದ್ದೀರಿ.

ನಾಗರಾಜ ಅವರೇ, ಇಲ್ಲಿ ನಡೆಯುತ್ತಿರುವುದು ಕಳಿಸುವವರ ಲೆಕ್ಕದ ಮಾತು. ಆದರೂ ನೀವು ಹೇಳಿದ್ದು ಆ ಲೆಕ್ಕದಲ್ಲಿ ಒಂದು ಸಾಲು. ಆ್ಯಪ್ ತೆರೆದಾಗ ಎಲ್ಲ ಒಟ್ಟಿಗೆ ಬರುತ್ತವೆ ಅಂದರೆ, ಅಲ್ಲಿಯವರೆಗೆ ಆ್ಯಪ್‌ಗೆ ಹಿನ್ನೆಲೆಯಲ್ಲಿ ಏಳಲು ಅನುಮತಿ ಇರಲಿಲ್ಲ. ಒಟ್ಟಾರೆ ಬ್ಯಾಟರಿ ಸೇವರ್ ಬಿಟ್ಟು, ಆ ಆ್ಯಪ್‌ನ ಮಾಹಿತಿ ಪುಟಕ್ಕೆ ಹೋಗಿ ಅದರದೇ ಬ್ಯಾಟರಿ ಬಳಕೆಯ ನಿರ್ಬಂಧ ತೆಗೆಯಿರಿ.

ಸುಮಾ

ಪ್ರಭಾಕರ್ ಸರ್, ಕೋಡ್ ತೆಗೆಸಿದೆ. ನೀವು ಹೇಳಿದ್ದೇ ಸರಿ. ಹಳೆಯದರಲ್ಲಿ ತಪ್ಪು ಬಾರದ ಪ್ರತಿ ಉತ್ತರವನ್ನೂ `delivered` ಅಂತ ಬರೆಯುತ್ತಿದ್ದರು, ತಪ್ಪು ಬಂದವು ಸುಮಾರು 12,000. ಹೊಸದರಲ್ಲಿ ಫೋನಿನಲ್ಲಿ ಮೆಸೇಜ್ ಸಿಕ್ಕಾಗ ಆ್ಯಪ್ ನಮ್ಮ ಸರ್ವರ್‌ಗೆ `push_received` ಕಳಿಸುತ್ತದೆ, ಅದನ್ನು ಎಣಿಸುತ್ತಾರೆ. ಕಾಲಮ್ ಹೆಸರು ಮಾತ್ರ ಹಾಗೇ ಉಳಿದಿದೆ.

ಹಾಗಾದರೆ ಎರಡು ತಿಂಗಳನ್ನು ಹೋಲಿಸಲು ಯಾವುದನ್ನು ನಂಬಲಿ?

ಪ್ರಭಾಕರ

ಒತ್ತಿದವರ ಸಂಖ್ಯೆಯನ್ನು. ರೇಟ್ ಬಿಟ್ಟುಬಿಡಿ, ತಲೆ ಎಣಿಸಿ. 6,840 ಮತ್ತು 6,336 ಅನ್ನುವುದು ಈವೆಂಟ್‌ಗಳ ಎಣಿಕೆಯೋ ಜನರ ಎಣಿಕೆಯೋ? ಒಂದು ಪುಶ್, ಒಂದು ಸಾಧನ, ಒಂದೇ ಓಪನ್ ಅಂತ ಮತ್ತೆ ಎಣಿಸಿ ನೋಡಿ.

ರಶ್ಮಿ

ಆಂಡ್ರಾಯ್ಡ್ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ. ಓಪನ್ ಎರಡೆರಡು ಸಲ ಎಣಿಕೆಯಾಗುವುದು ಬಹಳ ಕಡೆ ಇದೆ. ನೋಟಿಫಿಕೇಶನ್ ಒತ್ತಿದಾಗ ಪುಶ್ ಐಡಿ ಇಂಟೆಂಟ್‌ನಲ್ಲಿ ಬರುತ್ತದೆ, ಆ್ಯಕ್ಟಿವಿಟಿ ಶುರುವಾದಾಗ ಅದನ್ನು ಓದಿ ಓಪನ್ ಅಂತ ದಾಖಲಿಸುತ್ತೇವೆ. ಓದುಗರು ಫೋನನ್ನು ಅಡ್ಡ ತಿರುಗಿಸಿದರೆ ಆ್ಯಕ್ಟಿವಿಟಿ ಮತ್ತೆ ಹುಟ್ಟುತ್ತದೆ, ಅದೇ ಇಂಟೆಂಟ್ ಮತ್ತೆ ಸಿಗುತ್ತದೆ. ಸಂಜೆ ಅದೇ ಆ್ಯಪನ್ನು ರೀಸೆಂಟ್ಸ್ ಪಟ್ಟಿಯಿಂದ ತೆಗೆದರೂ ಬೆಳಗಿನ ಇಂಟೆಂಟೇ ಬರಬಹುದು. ಎರಡೂ ಸಲ ಯಾರೂ ಏನನ್ನೂ ಒತ್ತಿಲ್ಲ, ಆದರೆ ಓಪನ್ ಏರಿತು. ನಾವು ಇಷ್ಟನ್ನು ಹಾಕಿಕೊಂಡಿದ್ದೇವೆ:

```kotlin
val id = intent.getStringExtra("push_id")
val fromRecents = (intent.flags and
    Intent.FLAG_ACTIVITY_LAUNCHED_FROM_HISTORY) != 0
if (id != null && savedInstanceState == null && !fromRecents) {
    logOpen(id)
}
```

ಇದಕ್ಕೆ ತಿರುಗುಮುರುಗಾದ ತೊಂದರೆಯನ್ನೂ ನಾನು ಅನುಭವಿಸಿದ್ದೇನೆ. ಹಿಂದೆ ಕೆಲಸ ಮಾಡುತ್ತಿದ್ದ ಕಡೆ ನೋಟಿಫಿಕೇಶನ್ ಒತ್ತಿದಾಗ ಮೊದಲು ಒಂದು ಬ್ರಾಡ್‌ಕಾಸ್ಟ್ ರಿಸೀವರ್‌ಗೆ ಹೋಗಿ, ಅಲ್ಲಿ ಕ್ಲಿಕ್ ದಾಖಲಾಗಿ, ಆಮೇಲೆ ಅದು ಪರದೆ ತೆರೆಯುತ್ತಿತ್ತು. ಟಾರ್ಗೆಟ್ ಎಸ್‌ಡಿಕೆ 31ಕ್ಕೆ ಏರಿಸಿದೆವು. ಆಂಡ್ರಾಯ್ಡ್ 12ರಿಂದ ಹಾಗೆ ರಿಸೀವರ್ ನಡುವೆ ನಿಂತು ಪರದೆ ತೆರೆಯುವುದಕ್ಕೆ ಸಿಸ್ಟಮ್ ಬಿಡುವುದಿಲ್ಲ. ಜನ ಒತ್ತುತ್ತಿದ್ದರು, ಕ್ಲಿಕ್ ದಾಖಲಾಗುತ್ತಿತ್ತು, ಪರದೆ ಮಾತ್ರ ತೆರೆಯುತ್ತಿರಲಿಲ್ಲ. ಏನೂ ಆಗಲಿಲ್ಲವಲ್ಲ ಅಂತ ಕೆಲವರು ಮತ್ತೆ ಮತ್ತೆ ಒತ್ತಿದ್ದರಿಂದ ನಮ್ಮ ಗ್ರಾಫ್‌ನಲ್ಲಿ ಕ್ಲಿಕ್ ಹೆಚ್ಚೇ ಆಗಿತ್ತು. ಎರಡು ವಾರ ಎಲ್ಲರೂ ಸಂತೋಷದಲ್ಲಿದ್ದೆವು. ಕ್ಲಿಕ್ಕಿನ ಪಕ್ಕದಲ್ಲಿ 'ಆ ಪುಟ ನಿಜಕ್ಕೂ ತೆರೆಯಿತೇ' ಅನ್ನುವ ಎಣಿಕೆ ಇದ್ದಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು. ಅಂದಿನಿಂದ ಆ ಕೊನೆಯ ಮೆಟ್ಟಿಲಿಲ್ಲದ ಫನೆಲ್ ನನಗೆ ಬೇಡವೇ ಬೇಡ.

ಸುಮಾ

ರಶ್ಮಿ ಅವರೇ, ಹಳೆಯ ಕೋಡಿನಲ್ಲಿ ಈ ತಡೆ ಇರಲಿಲ್ಲ, ಹೊಸದರಲ್ಲಿ ಒಂದು ಭಾಗ ಇದೆಯಂತೆ. ಸಾಧನಕ್ಕೆ ಒಂದೇ ಓಪನ್ ಅಂತ ಮತ್ತೆ ಎಣಿಸಿದೆ.

ಆಗ: 6,840 ಈವೆಂಟ್, 6,150 ಸಾಧನ.
ಈಗ: 6,336 ಈವೆಂಟ್, 6,180 ಸಾಧನ.

ಮೂವತ್ತೇ ಮೂವತ್ತು ಸಾಧನಗಳ ವ್ಯತ್ಯಾಸ! ಶೀರ್ಷಿಕೆಯಿಂದ ದುಪ್ಪಟ್ಟೂ ಆಗಿಲ್ಲ, ಸರ್ವರ್ ಕೆಟ್ಟು ಅರ್ಧವೂ ಆಗಿಲ್ಲ. ಅಷ್ಟೇ ಜನ ಅಂದೂ ಒತ್ತಿದರು, ಇಂದೂ ಒತ್ತಿದರು. ತೆಗೆದುಹಾಕಿದ 80,000 ಟೋಕನ್‌ಗಳ ಹಿಂದೆ ಒತ್ತುವವರು ಯಾರೂ ಇರಲಿಲ್ಲ ಅಂತಲೂ ಇದರಿಂದ ತಿಳಿಯುತ್ತದೆ, ಅಲ್ಲವೇ?

ಪ್ರಭಾಕರ

ಬಹುಮಟ್ಟಿಗೆ. ಶೀರ್ಷಿಕೆ ತುಸು ಚೆನ್ನಾಗಿ, ಟೋಕನ್ ತೆಗೆದದ್ದು ತುಸು ಹೆಚ್ಚಾಗಿ, ಎರಡೂ ಒಂದನ್ನೊಂದು ತಿಂದಿರಲೂಬಹುದು. ಹಳೆಯ ಪುಶ್ಶಿಗೆ ಓಪನ್ ಮಾಡಿದ 6,150 ಸಾಧನಗಳಲ್ಲಿ ಎಷ್ಟು ಆ 80,000ದೊಳಗೆ ಇವೆ ಅಂತ ನೋಡಿದರೆ ಖಚಿತವಾಗುತ್ತದೆ. ನೂರಿನ್ನೂರು ಸಿಕ್ಕರೆ ತೆಗೆಯುವ ಗಡಿ ತುಂಬ ಬಿಗಿ ಆಯಿತು ಅಂತ ಅರ್ಥ. ನೀವು ಎಷ್ಟು ದಿನದ ಗಡಿ ಇಟ್ಟಿರಿ?

ಸುಮಾ

60 ದಿನ ಟೋಕನ್ ಹೊಸದಾಗದಿದ್ದರೆ ತೆಗೆಯುತ್ತೇವೆ. ಈಗ ನೋಡಿದೆ, 80,000ದೊಳಗೆ ಸಿಕ್ಕಿದ್ದು 22 ಸಾಧನ.

ಪ್ರಭಾಕರ

ಹಾಗಾದರೆ ಗಡಿ ಚೆನ್ನಾಗಿದೆ, ಬಿಡಿ. ಆಂಡ್ರಾಯ್ಡ್‌ನಲ್ಲಿ ಫೈರ್‌ಬೇಸ್ ತಾನಾಗಿ ಟೋಕನ್ ಕೆಡಿಸುವುದು 270 ದಿನ ಸದ್ದಿಲ್ಲದಿದ್ದರೆ. ಅಲ್ಲಿಯವರೆಗೆ ಕಾದರೆ ಸುಮ್ಮನೆ ಛೇದ ಊದಿಕೊಂಡಿರುತ್ತದೆ.

ಈಗ 66%ಕ್ಕೆ ಬನ್ನಿ. ಅದನ್ನು ಆಂಡ್ರಾಯ್ಡ್, ಐಒಎಸ್ ಅಂತ ಒಡೆಯದೆ ಒಂದು ಮಾತೂ ಹೇಳಬೇಡಿ. ಆ್ಯಪ್ ಆವೃತ್ತಿಯನ್ನೂ ಸೇರಿಸಿ. ಹೀಗೆ ತೆಗೆಯಿರಿ:

```sql
SELECT s.platform, s.app_version,
       COUNT(*)           AS sent,
       COUNT(r.device_id) AS received,
       COUNT(o.device_id) AS opened
FROM sends s
LEFT JOIN (SELECT DISTINCT push_id, device_id FROM receipts) r
  ON r.push_id = s.push_id AND r.device_id = s.device_id
LEFT JOIN (SELECT DISTINCT push_id, device_id FROM opens) o
  ON o.push_id = s.push_id AND o.device_id = s.device_id
WHERE s.push_id = 'p_0412'
GROUP BY 1, 2;
```

ಕಳಿಸಿದ ಪಟ್ಟಿಯೇ ಬುಡ, ಮಿಕ್ಕವು ಅದಕ್ಕೆ ಅಂಟಬೇಕು. ಮೂರು ಟೇಬಲ್‌ಗಳನ್ನು ಬೇರೆಬೇರೆ ಎಣಿಸಿ ಆಮೇಲೆ ಭಾಗಿಸಿದರೆ, ಯಾರು ಯಾವ ಮೆಟ್ಟಿಲಲ್ಲಿ ನಿಂತರು ಅನ್ನುವುದು ಕಳೆದುಹೋಗುತ್ತದೆ.

ಸುಮಾ

ತೆಗೆದೆ.

ಆಂಡ್ರಾಯ್ಡ್: ಕಳಿಸಿದ್ದು 1,20,000, ರಸೀದಿ 88,800 (74%), ಓಪನ್ 4,200.
ಐಒಎಸ್: ಕಳಿಸಿದ್ದು 40,000, ರಸೀದಿ 16,800 (42%), ಓಪನ್ 1,980.

ರಸೀದಿಗೆ ಓಪನ್ ಹೋಲಿಸಿದರೆ ಆಂಡ್ರಾಯ್ಡ್ 4.7%, ಐಒಎಸ್ 11.8%. ಐಫೋನ್ ಓದುಗರು ಎರಡೂವರೆ ಪಟ್ಟು ಹೆಚ್ಚು ಒತ್ತುತ್ತಾರೆಯೇ? ಹಾಗಿದ್ದರೆ ಇದು ವರದಿಗೆ ದೊಡ್ಡ ವಿಷಯ.

ಚೇತನಾ

ದಯವಿಟ್ಟು ಅದನ್ನು ವರದಿಗೆ ಹಾಕಬೇಡಿ ಸುಮಾ. ಐಒಎಸ್‌ನಲ್ಲಿ ಪುಶ್ ಫೋನಿಗೆ ಬಂದಾಗ ಆ್ಯಪ್ ತಾನಾಗಿ ಏಳುವುದಿಲ್ಲ. ರಸೀದಿ ಕಳಿಸಬೇಕಾದರೆ ನೋಟಿಫಿಕೇಶನ್ ಸರ್ವಿಸ್ ಎಕ್ಸ್‌ಟೆನ್ಷನ್ ಅಂತ ಒಂದು ಪುಟ್ಟ ತುಣುಕನ್ನು ಆ್ಯಪ್‌ಗೆ ಸೇರಿಸಿರಬೇಕು, ಕಳಿಸುವ ಮೆಸೇಜ್‌ನಲ್ಲಿ `"mutable-content": 1` ಇರಬೇಕು. ಆಗ ಅಲರ್ಟ್ ತೋರುವ ಮೊದಲು ಆ ತುಣುಕಿಗೆ ಸುಮಾರು 30 ಸೆಕೆಂಡ್ ಸಮಯ ಸಿಗುತ್ತದೆ. ನಿಮ್ಮವರು ಅದನ್ನು ಹೊಸ ಆವೃತ್ತಿಯಲ್ಲಿ ಸೇರಿಸಿರುತ್ತಾರೆ. ಹಳೆಯ ಆವೃತ್ತಿ ಇಟ್ಟುಕೊಂಡವರು ಪುಶ್ ನೋಡುತ್ತಾರೆ, ಒತ್ತುತ್ತಾರೆ, ಅವರ ಓಪನ್ ಬರುತ್ತದೆ, ರಸೀದಿ ಮಾತ್ರ ಎಂದೂ ಬರುವುದಿಲ್ಲ. ಭಾಗಾಕಾರದಲ್ಲಿ ಮೇಲೆ ಎಲ್ಲರೂ ಇದ್ದಾರೆ, ಕೆಳಗೆ ಅರ್ಧ ಜನ.

ಆವೃತ್ತಿವಾರು ಸಾಲು ನೋಡಿ.

ಸುಮಾ

ಹೌದು! ಹೊಸ ಆವೃತ್ತಿಗೆ ಕಳಿಸಿದ್ದು 19,500, ರಸೀದಿ 16,800, ಓಪನ್ 940. ಹಳೆಯದಕ್ಕೆ ಕಳಿಸಿದ್ದು 20,500, ರಸೀದಿ ಸೊನ್ನೆ, ಓಪನ್ 1,040.

ಅಂದರೆ ಹೊಸ ಆವೃತ್ತಿಯಲ್ಲಿ ರಸೀದಿ 86%, ರಸೀದಿಗೆ ಓಪನ್ 5.6%. ಕಳಿಸಿದ್ದಕ್ಕೆ ಓಪನ್ ಹೊಸದರಲ್ಲಿ 4.8%, ಹಳೆಯದರಲ್ಲಿ 5.1%. ಆಂಡ್ರಾಯ್ಡ್‌ಗೂ ಇದಕ್ಕೂ ಈಗ ಅಂಥ ದೂರವಿಲ್ಲ.

ಚೇತನಾ

ಇದು ನಂಬುವಂಥ ಲೆಕ್ಕ. ಇನ್ನೂ ಒಂದು ವಿಷಯ ನೆನಪಿಟ್ಟುಕೊಳ್ಳಿ. ಓದುಗರು ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಶನ್ ಆಫ್ ಮಾಡಿದ್ದರೆ ಈ ಎಕ್ಸ್‌ಟೆನ್ಷನ್ ಓಡುವುದೇ ಇಲ್ಲ. ಹಾಗಾಗಿ ಐಒಎಸ್‌ನ ರಸೀದಿ 'ಬಂತು' ಅನ್ನುವುದಕ್ಕಿಂತ 'ತೋರಿಸಲು ಹೊರಟಿತು' ಅನ್ನುವುದಕ್ಕೆ ಹತ್ತಿರ. ಆಂಡ್ರಾಯ್ಡ್‌ನ ರಸೀದಿ ಹಾಗಲ್ಲ. ಎರಡನ್ನೂ ಒಂದೇ ಕಾಲಮ್‌ಗೆ ಹಾಕಿದರೆ ಬೇರೆಬೇರೆ ಅಳತೆಗೋಲಿನಿಂದ ಅಳೆದ ಎರಡು ಬಟ್ಟೆಗಳನ್ನು ಕೂಡಿಸಿದಂತೆ.

ರಶ್ಮಿ

ಚೇತನಾ ಹೇಳಿದ್ದು ಆಂಡ್ರಾಯ್ಡ್‌ಗೆ ತುಂಬ ಮುಖ್ಯ. ನಿಮ್ಮ ಆಂಡ್ರಾಯ್ಡ್ ರಸೀದಿ `onMessageReceived` ಒಳಗಿಂದ ಬರುತ್ತಿದೆ ಅಂದುಕೊಂಡಿದ್ದೇನೆ. ಕಳಿಸುವ ಮೆಸೇಜ್‌ನಲ್ಲಿ `notification` ಭಾಗ ಇದ್ದು ಆ್ಯಪ್ ಹಿನ್ನೆಲೆಯಲ್ಲಿದ್ದರೆ ಆ ಫಂಕ್ಷನ್ ಕರೆಯೇ ಆಗುವುದಿಲ್ಲ, ಎಸ್‌ಡಿಕೆ ತಾನೇ ಟ್ರೇಯಲ್ಲಿ ತೋರಿಸಿಬಿಡುತ್ತದೆ. ಬರೀ `data` ಕಳಿಸಿದರೆ ಯಾವಾಗಲೂ ಕರೆಯಾಗುತ್ತದೆ. 74% ಬಂದಿದೆ ಅಂದರೆ ನಿಮ್ಮವರು `data`ಗೆ ಬದಲಾಯಿಸಿದ್ದಾರೆ. ಇಲ್ಲದಿದ್ದರೆ ಆ ಹೊತ್ತಿಗೆ ಆ್ಯಪ್ ತೆರೆದಿದ್ದವರ ರಸೀದಿ ಮಾತ್ರ ಬಂದು, ಅಂಕಿ ತೀರಾ ಕೆಳಗಿರುತ್ತಿತ್ತು.

ಆದರೆ `data` ಬಂದು ರಸೀದಿ ಹೋದ ಮೇಲೂ ಪರದೆಯ ಮೇಲೆ ಏನೂ ಕಾಣದೇ ಇರಬಹುದು. ಆಂಡ್ರಾಯ್ಡ್ 13ರಿಂದ ನೋಟಿಫಿಕೇಶನ್‌ಗೆ ಅನುಮತಿ ಕೇಳಬೇಕು, ಎಷ್ಟೋ ಜನ ಬೇಡ ಅನ್ನುತ್ತಾರೆ. ಆಂಡ್ರಾಯ್ಡ್ 8ರಿಂದ ಚಾನೆಲ್ ಇದೆ, 'ಹೊಸ ಕಥೆ' ಅನ್ನುವ ಚಾನೆಲ್ ಒಂದನ್ನೇ ಮುಚ್ಚಿಟ್ಟಿರಬಹುದು. ರಸೀದಿ ಕಳಿಸುವಾಗಲೇ `areNotificationsEnabled()` ಮತ್ತು ಆ ಚಾನೆಲ್‌ನ ಇಂಪಾರ್ಟೆನ್ಸ್ ಎರಡನ್ನೂ ಜೊತೆಗೆ ಕಳಿಸಿ. ಆಗ 'ಬಂತು' ಬೇರೆ, 'ಕಂಡಿತು' ಬೇರೆ ಆಗುತ್ತದೆ.

ಸುಮಾ

ಅದೃಷ್ಟಕ್ಕೆ ಅವೆರಡೂ ಈವೆಂಟ್‌ನಲ್ಲಿ ಆಗಲೇ ಇವೆ, ಯಾರೂ ಬಳಸಿರಲಿಲ್ಲ. 88,800ರಲ್ಲಿ ತೋರಿಸಲು ಸಾಧ್ಯವಿದ್ದವು 71,040. ಹಾಗಾದರೆ ಆಂಡ್ರಾಯ್ಡ್ ಸಾಲು ಹೀಗೆ ನಿಲ್ಲುತ್ತದೆ: ಕಳಿಸಿದ್ದು 1,20,000, ಫೈರ್‌ಬೇಸ್ ಒಪ್ಪಿಕೊಂಡದ್ದು 1,17,600, ಫೋನಿಗೆ ಬಂದದ್ದು 88,800, ಕಾಣಿಸಬಹುದಾದದ್ದು 71,040, ಒತ್ತಿದ್ದು 4,200.

ಕಂಡವರಲ್ಲಿ ಒತ್ತಿದವರು 5.9%. ಐಒಎಸ್ ಹೊಸ ಆವೃತ್ತಿಯಲ್ಲಿ 5.6%. ಈಗ ಎರಡೂ ಅಕ್ಕಪಕ್ಕ ನಿಂತವು.

ಒಪ್ಪಿಕೊಂಡ 1,17,600ಕ್ಕೂ ಬಂದ 88,800ಕ್ಕೂ ನಡುವೆ 28,800 ಇವೆಯಲ್ಲ, ಅವು ಎಲ್ಲಿ ಹೋದವು?

ಪ್ರಭಾಕರ

ಆಂಡ್ರಾಯ್ಡ್‌ಗಾದರೆ ಅದನ್ನು ಫೈರ್‌ಬೇಸನ್ನೇ ಕೇಳಬಹುದು. ಎಫ್‌ಸಿಎಂ ಡೇಟಾ ಎಪಿಐ ಅಂತ ಇದೆ. ಒಪ್ಪಿಕೊಂಡ ಮೆಸೇಜ್‌ಗಳಲ್ಲಿ ಶೇಕಡ ಎಷ್ಟು `delivered`, ಎಷ್ಟು `pending`, ಎಷ್ಟು `droppedDeviceInactive`, ಎಷ್ಟು `droppedTtlExpired`, ಎಷ್ಟು `droppedAppForceStopped` ಅಂತ ಕೊಡುತ್ತದೆ. ಒಂದೊಂದು ಸಾಧನದ ವಿವರ ಸಿಗುವುದಿಲ್ಲ, ಒಟ್ಟು ಮಾತ್ರ. ಪುಶ್ಶಿಗೆ `analytics_label` ಹಾಕಿದ್ದರೆ ಆ ಪುಶ್ಶಿನದನ್ನು ಬೇರೆ ಮಾಡಿ ನೋಡಬಹುದು.

ಸುಮಾ

ಲೇಬಲ್ ಇತ್ತು. ತಲುಪಿದ್ದು 79%, ಸಾಧನ ನಿಷ್ಕ್ರಿಯ 11%, ಅವಧಿ ಮುಗಿದದ್ದು 5%, ಇನ್ನೂ ಕಾಯುತ್ತಿರುವುದು 3%, ಬಲವಂತವಾಗಿ ನಿಲ್ಲಿಸಿದ್ದು 2%.

79% ಅಂದರೆ ಸುಮಾರು 92,900. ನಮ್ಮ ರಸೀದಿ 88,800. ನಾಲ್ಕು ಸಾವಿರ ಕಮ್ಮಿ.

ಪ್ರಭಾಕರ

ಆ ನಾಲ್ಕು ಸಾವಿರ ರಸೀದಿಯ ಸೋರಿಕೆ. ಮೆಸೇಜ್ ಬಂತು, ಆದರೆ ನಿಮ್ಮ ಸರ್ವರ್‌ಗೆ ಆ ಮಾತು ಹೇಳುವ ಮೊದಲೇ ಸಿಸ್ಟಮ್ ಆ್ಯಪನ್ನು ಮುಚ್ಚಿರುತ್ತದೆ, ಇಲ್ಲವೇ ನೆಟ್‌ವರ್ಕ್ ಹೋಗಿರುತ್ತದೆ. ಅದನ್ನು ಅಳೆಯಲು ಒಂದು ಸುಲಭ ದಾರಿ ಇದೆ: ಒತ್ತಿದವರಲ್ಲಿ ಎಷ್ಟು ಜನರ ರಸೀದಿ ಇಲ್ಲ ಅಂತ ನೋಡಿ. ಬಾರದ ಪುಶ್ಶನ್ನು ಒತ್ತಲು ಯಾರಿಂದಲೂ ಆಗದು. ಹಾಗಾಗಿ ಅಂಥ ಪ್ರತಿಯೊಬ್ಬರೂ ಕಳೆದುಹೋದ ಒಂದು ರಸೀದಿ. ನಾವು ಇದನ್ನು ಪ್ರತಿ ಪುಶ್ಶಿಗೂ ನೋಡುತ್ತೇವೆ. ಒಮ್ಮೆಗೇ ಏರಿದರೆ ರಸೀದಿಯ ಕೋಡ್ ಎಲ್ಲೋ ಮುರಿದಿದೆ ಅಂತ ಅರ್ಥ, ಡೆಲಿವರಿ ಕೆಟ್ಟಿದೆ ಅಂತಲ್ಲ.

5% ಅವಧಿ ಮುಗಿದದ್ದು ಎಷ್ಟು ಟಿಟಿಎಲ್‌ಗೆ?

ಸುಮಾ

ಟಿಟಿಎಲ್ 24 ಗಂಟೆ. ಮೊದಲು ಏನೂ ಹಾಕುತ್ತಿರಲಿಲ್ಲವಂತೆ. ಒತ್ತಿದ 4,200ರಲ್ಲಿ ರಸೀದಿ ಇಲ್ಲದವರು 84, ಅಂದರೆ 2%.

ಪ್ರಭಾಕರ

ಏನೂ ಹಾಕದಿದ್ದರೆ ಫೈರ್‌ಬೇಸ್ ನಾಲ್ಕು ವಾರದವರೆಗೆ ಇಟ್ಟುಕೊಂಡು ತಲುಪಿಸಲು ನೋಡುತ್ತದೆ. ಡೆಲಿವರಿ ಅಂಕಿ ಚೆನ್ನಾಗಿ ಕಾಣುತ್ತದೆ, ಆದರೆ ಹತ್ತನೇ ದಿನ ಫೋನ್ ಆನ್ ಮಾಡಿದವರಿಗೆ 'ಇಂದಿನ ಹೊಸ ಕಥೆ' ಅಂತ ಬರುತ್ತದೆ. ಅವಧಿ ಮುಗಿದು ಬಿದ್ದ ಆ 5% ನಷ್ಟವಲ್ಲ, ನೀವೇ ಬೇಕೆಂದು ಮಾಡಿದ್ದು. ವರದಿಯಲ್ಲಿ ಅದನ್ನು ಬೇರೆ ಸಾಲಿನಲ್ಲಿ ಬರೆಯಿರಿ. ಇಲ್ಲದಿದ್ದರೆ ಯಾರಾದರೂ ಡೆಲಿವರಿ ಏರಿಸಲೆಂದು ಟಿಟಿಎಲ್ ತೆಗೆದುಬಿಡುತ್ತಾರೆ.

ವಿನಯ್

ಇಷ್ಟೆಲ್ಲ ಸರಿ, ಆದರೆ ನನ್ನ ಮಾತಿಗೆ ಯಾರೂ ಉತ್ತರ ಕೊಡಲಿಲ್ಲ. 71,040 ಜನ ಕಂಡರು, 4,200 ಒತ್ತಿದರು. ಮಿಕ್ಕ 66,840 ಜನರಲ್ಲಿ ಕೆಲವರಾದರೂ ನೋಡಿ, ನೆನಪಿಟ್ಟುಕೊಂಡು, ಆಮೇಲೆ ಬಂದಿರುತ್ತಾರೆ. ಅವರನ್ನು ಸೊನ್ನೆ ಅನ್ನುವುದು ನ್ಯಾಯವೇ?

ಪ್ರಭಾಕರ

ವಿನಯ್, ಸೊನ್ನೆ ಅನ್ನುವುದು ತಪ್ಪು, ಒಪ್ಪುತ್ತೇನೆ. ಎಲ್ಲರನ್ನೂ ಎಣಿಸುವುದೂ ಅಷ್ಟೇ ತಪ್ಪು. ಪುಶ್ ಇಲ್ಲದಿದ್ದರೂ ಆ ಹೊತ್ತಿಗೆ ಆ್ಯಪ್ ತೆರೆಯುವ ಅಭ್ಯಾಸ ಇರುವವರು ನಿಮ್ಮ 19%ರೊಳಗೆ ಕೂತಿದ್ದಾರೆ. ಅವರೆಷ್ಟು ಅಂತ ತಿಳಿಯಲು ನನಗೆ ಗೊತ್ತಿರುವ ದಾರಿ ಒಂದೇ. ಕೆಲವರಿಗೆ ಕಳಿಸಬಾರದು. ಯಾರಿಗೆ ಕಳಿಸಬಾರದು ಅನ್ನುವುದನ್ನು ಚೀಟಿ ಎತ್ತಿದ ಹಾಗೆ ಆರಿಸಬೇಕು, ಪುಶ್ ಹೋಗುವ ಮೊದಲೇ ಬರೆದಿಡಬೇಕು.

ಸುಮಾ

ಅಂಥದ್ದು ನಮ್ಮಲ್ಲಿದೆ! ಈ ಸಲ 12,000 ಆಂಡ್ರಾಯ್ಡ್ ಓದುಗರನ್ನು ಹಾಗೆ ಬಿಟ್ಟಿದ್ದೆವು, ಅವರು 1,20,000ದಲ್ಲಿ ಇಲ್ಲ. ಆರು ಗಂಟೆಯೊಳಗೆ ಆ್ಯಪ್ ತೆರೆದವರು, ಕಳಿಸಿದ 1,20,000ದಲ್ಲಿ 19.1%, ಬಿಟ್ಟವರಲ್ಲಿ 18.0%.

ಪ್ರಭಾಕರ

ನೋಡಿ, ವಿನಯ್. ನಿಮ್ಮ ಲೆಕ್ಕದ ಪ್ರಕಾರ 19.1%. ಪುಶ್ಶಿಂದ ಆದ ಹೆಚ್ಚಳ 1.1 ಅಂಶ. 12,000 ಜನರ ಗುಂಪಿನಲ್ಲಿ ಆಕಸ್ಮಿಕ ಏರಿಳಿತವೂ ಇರುತ್ತದೆ, ಹಾಗಾಗಿ ನಾನಾದರೆ 0.4ರಿಂದ 1.8ರ ನಡುವೆ ಎಲ್ಲೋ ಅಂತ ಬರೆಯುತ್ತೇನೆ. ಕಳಿಸಿದವರಲ್ಲಿ ಒತ್ತಿದವರೇ 3.5% ಇದ್ದಾರೆ. ಅಂದರೆ ಒತ್ತಿದವರಲ್ಲೂ ಬಹಳ ಜನ ಹೇಗೂ ಬರುವವರೇ.

ಸುಮಾ, ಈ ಹೋಲಿಕೆ ಮಾಡುವಾಗ ಕಳಿಸಿದ ಎಲ್ಲರನ್ನೂ ಇಟ್ಟುಕೊಂಡಿರಿ, ಅದು ಸರಿ. ರಸೀದಿ ಬಂದವರನ್ನು ಮಾತ್ರ ಇಟ್ಟು ಬಿಟ್ಟವರ ಜೊತೆ ಹೋಲಿಸಬೇಡಿ. ರಸೀದಿ ಬರುವುದು ಚುರುಕಾಗಿರುವ ಫೋನ್‌ಗಳಿಂದ. ಅವರು ಪುಶ್ ಇಲ್ಲದೆಯೂ ಹೆಚ್ಚು ಬರುವವರು.

ವಿನಯ್

ಲೆಕ್ಕ ಅರ್ಥವಾಯಿತು. ಆದರೆ ಆರು ಗಂಟೆ ಅನ್ನುವುದೇ ನಮ್ಮ ಆಯ್ಕೆ. ಕಥೆ ಓದುವವರು ರಾತ್ರಿ ಮಲಗುವ ಮೊದಲು ಓದುತ್ತಾರೆ. 24 ಗಂಟೆಗೆ ನೋಡಿದರೆ ವ್ಯತ್ಯಾಸ ಹೆಚ್ಚಬಹುದು. ಇಲ್ಲವೇ ಪುಶ್ ಜನರನ್ನು ಬೇಗ ಕರೆಸಿತು ಅಷ್ಟೇ, ಅವರು ರಾತ್ರಿ ಹೇಗೂ ಬರುತ್ತಿದ್ದರು ಅಂತ ವ್ಯತ್ಯಾಸ ಕರಗಿಯೂ ಹೋಗಬಹುದು.

ಪ್ರಭಾಕರ

ಅದು ಒಳ್ಳೆಯ ಪ್ರಶ್ನೆ, ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ನಮ್ಮಲ್ಲಿ ಒಂದು ಬಗೆಯ ಪುಶ್ಶಿಗೆ ಹೆಚ್ಚಿದೆ, ಇನ್ನೊಂದಕ್ಕೆ ಕರಗಿದೆ. ಎರಡನ್ನೂ ನೋಡಬೇಕು. ಯಾವ ಗಡಿ ಅಂತ ಫಲಿತಾಂಶ ನೋಡುವ ಮೊದಲೇ ತೀರ್ಮಾನಿಸಿ.

ಚೇತನಾ

ಐಒಎಸ್‌ನಲ್ಲಿ ಗಡಿ ಇನ್ನೂ ಕಷ್ಟ. ಐಒಎಸ್ 15ರಿಂದ ಓದುಗರು ನೋಟಿಫಿಕೇಶನ್‌ಗಳನ್ನು ಒಂದು ನಿಗದಿತ ಹೊತ್ತಿಗೆ ಕಟ್ಟಾಗಿ ತೋರಿಸು ಅಂತ ಇಟ್ಟುಕೊಳ್ಳಬಹುದು. ಎಕ್ಸ್‌ಟೆನ್ಷನ್ ರಸೀದಿ ಬೆಳಿಗ್ಗೆ ಹೋಗಿ, ಕಣ್ಣಿಗೆ ಬೀಳುವುದು ಸಂಜೆ ಆಗಬಹುದು. ಆ ಸಂಜೆ ಯಾವ ಹೊತ್ತಿಗೆ ತೋರಿಸಿತು ಅಂತ ನಮಗೆ ತಿಳಿಸುವ ಕರೆ ಇಲ್ಲ.

ನಾಗರಾಜ

ಪ್ರಭಾಕರ್ ಅವರೇ, ಆ್ಯಪ್ ಮಾಹಿತಿಯಲ್ಲಿ ಬ್ಯಾಟರಿ ನಿರ್ಬಂಧ ತೆಗೆದೆ. ಎರಡು ಆ್ಯಪ್‌ಗಳದು ಬರಲು ಶುರುವಾಯಿತು, ಒಂದರದು ಇನ್ನೂ ಇಲ್ಲ. ಅದರ ನೋಟಿಫಿಕೇಶನ್ ಪುಟಕ್ಕೆ ಹೋದರೆ ಒಳಗೆ ಏಳೆಂಟು ಬಗೆ ಇವೆ, ಒಂದು ಆಫ್ ಆಗಿದೆ. ಅದು ರಶ್ಮಿ ಅವರು ಹೇಳಿದ 'ಬಂತು ಆದರೆ ಕಾಣಲಿಲ್ಲ' ಅನ್ನುವುದೇ ಇರಬೇಕು.

ರಶ್ಮಿ

ಅದೇ, ನಾಗರಾಜ ಅವರೇ. ಅದನ್ನು ಆನ್ ಮಾಡಿ.

ಸುಮಾ

ವರದಿ ಕೊಟ್ಟೆ. 'ಡೆಲಿವರಿ' ಅನ್ನುವ ಕಾಲಮ್ ತೆಗೆಸಿ ಅದರ ಜಾಗದಲ್ಲಿ ಮೂರು ಹಾಕಿಸಿದ್ದೇನೆ: ಸರ್ವರ್ ಒಪ್ಪಿತು, ಫೋನಿಗೆ ಬಂತು, ಕಾಣಿಸಬಹುದಿತ್ತು. ಐಒಎಸ್ ಹಳೆಯ ಆವೃತ್ತಿಗೆ ನಡುವಿನ ಎರಡು ಕೋಣೆಗಳನ್ನು ಖಾಲಿ ಬಿಟ್ಟಿದ್ದೇನೆ, ಸೊನ್ನೆ ಬರೆದಿಲ್ಲ. ಓಪನ್ ಸಾಧನವಾರು ಎಣಿಕೆ. ಹಳೆಯ ತಿಂಗಳುಗಳ ಗ್ರಾಫಿಗೆ ಹೊಸದನ್ನು ಜೋಡಿಸಿಲ್ಲ, ಬದಲಾದ ದಿನದಲ್ಲಿ ಗೆರೆ ಕಡಿದಿದ್ದೇನೆ. ಮ್ಯಾನೇಜರ್ ಮೊದಲು ಒಪ್ಪಲಿಲ್ಲ. 6,150 ಮತ್ತು 6,180 ಎರಡನ್ನೂ ಒಂದೇ ಸಾಲಿನಲ್ಲಿ ತೋರಿಸಿದ ಮೇಲೆ ಸುಮ್ಮನಾದರು.

ರಶ್ಮಿ ಹೇಳಿದ ಕೊನೆಯ ಮೆಟ್ಟಿಲನ್ನೂ ಇವತ್ತು ತೆಗೆದೆ. ಆಂಡ್ರಾಯ್ಡ್‌ನಲ್ಲಿ ಒತ್ತಿದ 4,200 ಜನರಲ್ಲಿ ಕಥೆಯ ಪುಟ ತೆರೆದದ್ದು 3,150 ಜನರಿಗೆ. ಮಿಕ್ಕ 1,050ರಲ್ಲಿ ಹೆಚ್ಚಿನವರು ಲಾಗಿನ್ ಪರದೆಯಲ್ಲಿ ಸಿಕ್ಕಿ, ಲಾಗಿನ್ ಆದ ಮೇಲೆ ಮುಖಪುಟಕ್ಕೆ ಹೋಗಿದ್ದಾರೆ, ಕಥೆಗಲ್ಲ. ಒತ್ತಿದ ನಾಲ್ವರಲ್ಲಿ ಒಬ್ಬರು! ಇದನ್ನು ಮೊಬೈಲ್ ತಂಡಕ್ಕೆ ಕೊಟ್ಟಿದ್ದೇನೆ. ಲಾಗಿನ್ ದಾಟುವಾಗ ಡೀಪ್ ಲಿಂಕ್ ಕಳೆದುಹೋಗದಂತೆ ಯಾರಾದರೂ ಮಾಡಿದ್ದರೆ, ಅದನ್ನು ಎಲ್ಲಿ ಇಟ್ಟುಕೊಂಡಿರಿ ಅಂತ ಹೇಳುತ್ತೀರಾ?